ಬದಲಾದದ್ದು ಮೂರ್ತಿಯ ಮಣ್ಣು, ವಿಸರ್ಜನೆಯಲ್ಲ

ಭಾದ್ರಪದ ಹತ್ತಿರ ಬಂತೆಂದರೆ ಪುಣೆಯ ಫೋನುಗಳಲ್ಲಿ ಗಣೇಶೋತ್ಸವದ ಬಗ್ಗೆ ಎರಡು ಬಗೆಯ ವಿಡಿಯೊಗಳು ಹರಿದಾಡತೊಡಗುತ್ತವೆ. ಒಂದು ಬಗೆಯದರಲ್ಲಿ ಮುಠಾ ನದಿಯ ದಡದ ಕೆಸರಿನಲ್ಲಿ ಸೊಂಡಿಲು ಮುರಿದ, ಬಣ್ಣ ಬಿಟ್ಟ ಮೂರ್ತಿಗಳು ಬಿದ್ದಿರುತ್ತವೆ, ಹಿನ್ನೆಲೆಯಲ್ಲಿ ಶೋಕದ ಸಂಗೀತ, ಕೊನೆಗೆ ‘ಇದೇನಾ ನಿಮ್ಮ ಭಕ್ತಿ?’ ಎಂಬ ಧಾಟಿಯ ಪ್ರಶ್ನೆ. ಇನ್ನೊಂದು ಬಗೆಯದರಲ್ಲಿ ಒಂದು ಮನೆ, ಆರತಿ ಮುಗಿಸಿದ ಹಿರಿಯರು, ಒಂದು ಬಕೆಟ್ ನೀರು, ಪಕ್ಕದಲ್ಲಿ ಮಣ್ಣು ಸೋಸಲು ಹಾಸಿದ ಹಳೆಯ ಬಟ್ಟೆ ಇರುತ್ತವೆ. ಎರಡನೆಯದು ಹೆಚ್ಚು ಸಭ್ಯವಾಗಿದೆ ಎಂಬುದು ನೋಡಿದೊಡನೆ ಹೊಳೆಯುವ ವಿಷಯ. ಅದು ಹೆಚ್ಚು ಸತ್ಯವೂ ಆಗಿದೆ ಎಂಬುದು ನನ್ನ ವಾದ. ಮೂರ್ತಿಯನ್ನು ನೀರಿಗೆ ಬಿಡುವ ಪದ್ಧತಿಯಿಂದ ನದಿಗೆ ಕೇಡಾಗಲಿಲ್ಲ, ಮೂರ್ತಿ ಮಾಡುವ ವಸ್ತು ಬದಲಾದದ್ದರಿಂದ ಕೇಡಾಯಿತು. ಪದ್ಧತಿಯನ್ನು ಹೀಗಳೆಯುವ ವಿಡಿಯೊ ನೋವು ಮಾಡುವುದು ಒಂದು ಮಾತಾದರೆ, ತಪ್ಪು ಎಲ್ಲಿದೆ ಎಂದು ತೋರಿಸುವುದರಲ್ಲೇ ಅದು ಎಡವುತ್ತದೆ.

ಗಣೇಶ ಚತುರ್ಥಿಗೆ ಶಾಸ್ತ್ರ ಹೇಳುವುದು ಪಾರ್ಥಿವ ಪೂಜೆಯನ್ನು. ಮಣ್ಣು ತಂದು ಮೂರ್ತಿ ಮಾಡಿ, ಪ್ರಾಣಪ್ರತಿಷ್ಠೆ ಮಾಡಿ, ಒಂದೂವರೆ ದಿನವೋ ಐದು, ಏಳು ದಿನವೋ ಅನಂತ ಚತುರ್ದಶಿಯವರೆಗೋ ಪೂಜಿಸಿ, ಉತ್ತರಪೂಜೆಯ ಬಳಿಕ ಮೂರ್ತಿಯನ್ನು ಇದ್ದಲ್ಲಿಯೇ ಸ್ವಲ್ಪ ಅಲುಗಿಸಿ, ಮತ್ತೆ ಬಾ ಎಂದು ಬೀಳ್ಕೊಡುವುದು ಕ್ರಮ. ಕರಗುವುದು ಈ ಪೂಜೆಯ ಅಂಗವೇ. ಕೆರೆಯ ಅಂಗಳದ ಜೇಡಿಮಣ್ಣು ಮತ್ತೆ ಕೆರೆಗೆ ಹೋಗುತ್ತಿದ್ದ ಕಾಲದಲ್ಲಿ ಅದರಿಂದ ನೀರಿಗೆ ಆಗುತ್ತಿದ್ದ ತೊಂದರೆ ಲೆಕ್ಕಕ್ಕೆ ಸಿಗುವಷ್ಟಿರಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂದರೆ ಎಲ್ಲರ ಬಾಯಲ್ಲಿರುವ ಪಿಒಪಿ, ಈ ಕ್ರಮದೊಳಗೆ ಬಂದದ್ದು ಯಾರ ಅಶ್ರದ್ಧೆಯಿಂದಲೂ ಅಲ್ಲ. ಪುಣೆ, ಮುಂಬಯಿಗಳಿಗೆ ಮೂರ್ತಿ ಒದಗಿಸುವ ರಾಯಗಡ ಜಿಲ್ಲೆಯ ಪೇಣ್ ಊರಿನ ಕುಶಲಕರ್ಮಿಯ ಕಡೆಯಿಂದ ನೋಡಿದರೆ ಲೆಕ್ಕ ಸರಳವಾಗಿದೆ. ಶಾಡು ಮಣ್ಣಿನ ಮೂರ್ತಿ ಒಣಗಲು ದಿನಗಟ್ಟಲೆ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅವಸರ ಮಾಡಿದರೆ ಬಿರುಕು ಬಿಡುತ್ತದೆ, ಲಾರಿಯಲ್ಲಿ ಕುಲುಕಿದರೆ ಬೆರಳು, ಕಿವಿ ಮುರಿಯುತ್ತವೆ. ಪಿಒಪಿಯಾದರೆ ಅಚ್ಚಿಗೆ ಸುರಿದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಒಳಗೆ ಟೊಳ್ಳಾಗಿದ್ದು ಹಗುರವಾಗಿರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಊರು ಬೆಳೆದು ಲಕ್ಷಗಟ್ಟಲೆ ಮನೆಗಳು ಒಂದೇ ದಿನ ಮೂರ್ತಿ ಕೇಳತೊಡಗಿದಾಗ ಆ ಬೇಡಿಕೆಯನ್ನು ಪೂರೈಸಿದ್ದು ಈ ಬಿಳಿ ಪುಡಿ. ಕೊಂಡವರಿಗೆ ತಾವು ಪದ್ಧತಿ ಬದಲಾಯಿಸಿದ್ದೇವೆ ಎಂಬ ಅರಿವೂ ಇರಲಿಲ್ಲ. ಅಂಥವರನ್ನು ನಿಲ್ಲಿಸಿ ಭಕ್ತಿಯ ಬಗ್ಗೆ ಪ್ರಶ್ನೆ ಕೇಳುವುದು ನ್ಯಾಯವಲ್ಲ.

ಪಿಒಪಿ ಏಕೆ ಕರಗುವುದಿಲ್ಲ ಎಂಬುದನ್ನು ವಿಡಿಯೊ ಒಂದು ನಿಮಿಷ ಕೊಟ್ಟು ವಿವರಿಸಿದರೆ ಬೈಗುಳದ ಅಗತ್ಯವೇ ಬೀಳುವುದಿಲ್ಲ. ಜಿಪ್ಸಂ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿದರೆ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹಾರಿಹೋಗಿ ಪಿಒಪಿ ಪುಡಿ ಉಳಿಯುತ್ತದೆ. ಅದಕ್ಕೆ ನೀರು ಬೆರೆಸಿದ ಕೂಡಲೇ ಹೋದ ನೀರನ್ನು ಮತ್ತೆ ಹೀರಿ ಅದು ಪುನಃ ಜಿಪ್ಸಂ ಆಗುತ್ತದೆ. ಹೀಗಾಗಿ ಅಂಗಡಿಯಲ್ಲಿ ಕೂತಿರುವ ಮೂರ್ತಿ ರಾಸಾಯನಿಕವಾಗಿ ಜಿಪ್ಸಂ ಕಲ್ಲೇ. ಒಂದು ಲೀಟರ್ ನೀರಿನಲ್ಲಿ ಕರಗುವ ಜಿಪ್ಸಂ ಸುಮಾರು 2ರಿಂದ 2.5 ಗ್ರಾಂ ಮಾತ್ರ. ಈ ಒಂದು ಸಂಖ್ಯೆ ಹಿಡಿದುಕೊಂಡರೆ ಉಳಿದದ್ದು ತಾನೇ ತಿಳಿಯುತ್ತದೆ. ಎರಡು ಕಿಲೋ ತೂಕದ ಮನೆಯ ಮೂರ್ತಿ ಪೂರ್ತಿ ಕರಗಬೇಕಾದರೆ 800ರಿಂದ 1000 ಲೀಟರ್ ನೀರು ಬೇಕು, ಅಂದರೆ ಮನೆಯ ಮೇಲಿನ ಒಂದು ಟ್ಯಾಂಕ್ ಪೂರ್ತಿ. ಹನ್ನೆರಡು ಲೀಟರಿನ ಬಕೆಟ್‌ನಲ್ಲಿ ಕರಗುವುದು ಹೆಚ್ಚೆಂದರೆ 30 ಗ್ರಾಂ, ಉಳಿದದ್ದೆಲ್ಲ ತಳದಲ್ಲಿ ಹಾಗೆಯೇ ಕೂರುತ್ತದೆ. ನದಿಯಲ್ಲಿ ನೀರು ಬದಲಾಗುತ್ತಿರುವುದರಿಂದ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ ನಿಜ, ಆದರೆ ಗಟ್ಟಿ ಮೈಯಿಂದ ಅದು ಬಿಡುವುದು ತುಂಬ ನಿಧಾನ. ಖಡಕ್‌ವಾಸ್ಲಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ತುಂಬಿ ಹರಿದು, ನಿಲ್ಲಿಸಿದರೆ ಬಡವಾಗುವ ಮುಠಾದಂಥ ನದಿಯಲ್ಲಿ ಹಬ್ಬ ಮುಗಿದ ವಾರಕ್ಕೆ ಮೂರ್ತಿಗಳು ಮೇಲೆ ಕಾಣಿಸಿಕೊಳ್ಳುವುದು ಅದಕ್ಕೇ. ಅಲ್ಲಿ ಮೂರ್ತಿ ಮುರಿದುಬಿದ್ದಿರುವುದಕ್ಕೆ ಬಿಟ್ಟವರ ಉಪೇಕ್ಷೆ ಕಾರಣವಲ್ಲ, ಜಿಪ್ಸಂನ ಸ್ವಭಾವ ಕಾರಣ.

ಇಲ್ಲಿಯೇ ಪುಣೆಯ ಕೊಡುಗೆ ಬರುತ್ತದೆ. ಪಾಷಾಣ್ ರಸ್ತೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ (ಎನ್‌ಸಿಎಲ್) 2015ರ ಸುಮಾರಿಗೆ ಮನೆಯ ಬಕೆಟ್‌ನಲ್ಲೇ ಪಿಒಪಿ ಮೂರ್ತಿಯನ್ನು ಕರಗಿಸುವ ದಾರಿಯೊಂದನ್ನು ಮುಂದಿಟ್ಟಿತು. ಅಮೋನಿಯಂ ಬೈಕಾರ್ಬೊನೇಟ್ ಎಂಬ ಬಿಳಿ ಪುಡಿಯನ್ನು ನೀರಿಗೆ ಹಾಕಿ, ಅದರಲ್ಲಿ ಮೂರ್ತಿಯನ್ನು ಬಿಟ್ಟರೆ ಸುಮಾರು ಎರಡು ದಿನಗಳಲ್ಲಿ ಅದು ಪುಡಿಯಾಗುತ್ತದೆ. ಈ ಪುಡಿ ಬೇಕರಿಯವರಿಗೆ ಹೊಸದಲ್ಲ, ಬಿಸ್ಕತ್ತು ಉಬ್ಬಲು ಅವರು ಬಳಸುತ್ತಾರೆ. ಪುಣೆ ಮಹಾನಗರ ಪಾಲಿಕೆ ಮುಂದಿನ ವರ್ಷಗಳಲ್ಲಿ ವಾರ್ಡ್ ಕಚೇರಿಗಳ ಮೂಲಕ ಇದನ್ನು ಉಚಿತವಾಗಿ ಹಂಚಿತು. ರಸಾಯನ ಸರಳವಾಗಿದೆ: ಜಿಪ್ಸಂನ ಕ್ಯಾಲ್ಸಿಯಂ ಕಾರ್ಬೊನೇಟ್ ಜೊತೆ ಸೇರಿ ಸೀಮೆಸುಣ್ಣದಂಥ ಪುಡಿಯಾಗುತ್ತದೆ, ಸಲ್ಫೇಟ್ ಅಮೋನಿಯಂ ಜೊತೆ ಸೇರಿ ಅಮೋನಿಯಂ ಸಲ್ಫೇಟ್ ಆಗಿ ನೀರಿನಲ್ಲಿ ಉಳಿಯುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹೊರಬರುತ್ತದೆ. ಅಮೋನಿಯಂ ಸಲ್ಫೇಟ್ ರೈತರಿಗೆ ಪರಿಚಿತ ಗೊಬ್ಬರ. ನೂರಾರು ಲೀಟರ್ ನೀರಿನಲ್ಲೂ ಕರಗಲು ಒಪ್ಪದ ಕಲ್ಲನ್ನು ಬಕೆಟ್‌ನಲ್ಲಿ ಬೇರೆ ಎರಡು ವಸ್ತುಗಳಾಗಿ ಒಡೆಯುವುದೇ ಇದರ ಗುಟ್ಟು. ‘ಕರಗಿತು’ ಎಂದು ನಾವು ಅನ್ನುವುದರಲ್ಲಿ ಒಂದು ಭಾಗ ಮಾತ್ರ ನಿಜಕ್ಕೂ ಕರಗಿರುತ್ತದೆ, ಇನ್ನೊಂದು ಭಾಗ ತಳದಲ್ಲಿ ಮೆತ್ತನೆಯ ಬಿಳಿ ರಾಡಿಯಾಗಿ ಕೂತಿರುತ್ತದೆ.

ಎರಡು ಕಿಲೋ ಮೂರ್ತಿಯ ಲೆಕ್ಕವನ್ನೇ ಪೂರ್ತಿ ನೋಡೋಣ. ರಸಾಯನದ ಪ್ರಕಾರ 172 ಗ್ರಾಂ ಜಿಪ್ಸಂಗೆ 158 ಗ್ರಾಂ ಅಮೋನಿಯಂ ಬೈಕಾರ್ಬೊನೇಟ್ ಬೇಕು. ಅಂದರೆ ಎರಡು ಕಿಲೋ ಮೂರ್ತಿಗೆ ಸುಮಾರು 1.84 ಕಿಲೋ. ಮೂರ್ತಿಯ ತೂಕದಷ್ಟೇ ಪುಡಿ ಹಾಕಿ ಎಂಬ ಸಲಹೆಗೆ ಆಧಾರ ಇದೇ. ಒಂದು ಮುಷ್ಟಿ ಹಾಕಿ ನೋಡಿ ‘ಏನೂ ಆಗಲಿಲ್ಲ’ ಎಂದು ಕೈಬಿಟ್ಟವರು ಇದ್ದರೆ ಅದಕ್ಕೆ ಕಾರಣ ಪ್ರಮಾಣ ಸಾಲದಿರುವುದು, ವಿಧಾನದ ದೋಷವಲ್ಲ. ಮೂರ್ತಿ ಮುಳುಗುವಷ್ಟು, ಅಂದರೆ ಹತ್ತು ಹನ್ನೆರಡು ಲೀಟರ್ ತಣ್ಣೀರು ಸಾಕು. ಆಗಾಗ ಕಲಕಬೇಕು, ಇದು ಬಹಳ ಮುಖ್ಯ. ಉಂಟಾಗುವ ಸುಣ್ಣದ ಪುಡಿ ಮೂರ್ತಿಯ ಮೈಮೇಲೆಯೇ ಪದರವಾಗಿ ಅಂಟಿಕೊಂಡು ಒಳಗಿನ ಜಿಪ್ಸಂಗೆ ದ್ರಾವಣ ತಾಗದಂತೆ ತಡೆಯುತ್ತದೆ, ಕಲಕಿದರೆ ಆ ಪದರ ಉದುರುತ್ತದೆ. ಬಕೆಟ್ ಪ್ಲಾಸ್ಟಿಕ್ಕಿನದೇ ಇರಲಿ. ಪೂಜೆಯ ಕೆಲಸವೆಂದು ತಾಮ್ರದ ಹಂಡೆಯನ್ನೋ ಹಿತ್ತಾಳೆಯ ಕೊಳಗವನ್ನೋ ಇಡುವುದು ನಮ್ಮ ಮನೆಗಳಲ್ಲಿ ಸಹಜ. ಆದರೆ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಬಕೆಟ್ ಬಾಲ್ಕನಿಯಲ್ಲೋ ಅಂಗಳದಲ್ಲೋ ಇರಬೇಕು, ಬಾಗಿಲು ಹಾಕಿದ ಬಚ್ಚಲಿನಲ್ಲಲ್ಲ, ಏಕೆಂದರೆ ಪುಡಿಯಿಂದ ಅಮೋನಿಯಾದ ಘಾಟು ಬರುತ್ತದೆ. ಬಿಸಿನೀರು ಹಾಕಿದರೆ ಘಾಟು ಹೆಚ್ಚುತ್ತದೆ, ಬಿಗಿಯಾಗಿ ಮುಚ್ಚಿದರೆ ಅನಿಲ ಒಳಗೇ ತುಂಬುತ್ತದೆ. ಮಕ್ಕಳು ಬಗ್ಗಿ ನೋಡುವಷ್ಟು ಹತ್ತಿರ ಇಡಬಾರದು. ಹಬ್ಬದ ವಿಡಿಯೊಗಳು ಬಿಟ್ಟುಬಿಡುವುದು ಇಂಥ ಮಾತುಗಳನ್ನೇ. ಒಮ್ಮೆ ಮನೆಯೆಲ್ಲ ಘಾಟಾದ ಕುಟುಂಬ ಮರುವರ್ಷ ಈ ದಾರಿಗೆ ಬರುವುದಿಲ್ಲ.

ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆ? ತಳದ ರಾಡಿಯನ್ನು ಕೋಲಿನಿಂದ ಒತ್ತಿ ನೋಡಿ ಗಟ್ಟಿ ಗಂಟುಗಳಿದ್ದರೆ ಒಡೆಯಬೇಕು. ಅಂಥ ಗಂಟನ್ನು ಚೆನ್ನಾಗಿ ತೊಳೆದು ಅದರ ಒಡೆದ ಒಳಮೈಗೆ ಒಂದೆರಡು ಹನಿ ನಿಂಬೆರಸ ಬಿಟ್ಟರೆ ಉತ್ತರ ಸಿಗುತ್ತದೆ: ಸುಣ್ಣದ ಪುಡಿಯಾಗಿದ್ದರೆ ನೊರೆಗುಳ್ಳೆ ಏಳುತ್ತದೆ, ಇನ್ನೂ ಜಿಪ್ಸಂ ಆಗಿಯೇ ಉಳಿದಿದ್ದರೆ ಏಳುವುದಿಲ್ಲ. ಮೂರ್ತಿಯೊಳಗೆ ಬಲಕ್ಕೆಂದು ತೆಂಗಿನ ನಾರು ಹಾಕಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಎಣ್ಣೆಬಣ್ಣ ಪೊರೆಯಾಗಿ ತೇಲುತ್ತದೆ, ಅದನ್ನು ತೆಗೆದು ಒಣಕಸಕ್ಕೆ ಹಾಕಬೇಕು. ಈಗ ಉಳಿದ ದ್ರವದ ವಿಷಯ. ಎರಡು ಕಿಲೋ ಮೂರ್ತಿಯಿಂದ ಸುಮಾರು ಒಂದೂವರೆ ಕಿಲೋ ಅಮೋನಿಯಂ ಸಲ್ಫೇಟ್ ಆ ಹನ್ನೆರಡು ಲೀಟರಿನಲ್ಲಿ ಸೇರಿರುತ್ತದೆ. ‘ಗೊಬ್ಬರ’ ಎಂದು ಹಾಗೆಯೇ ತುಳಸಿಗೆ ಹಾಕಿದರೆ ತುಳಸಿ ಸುಟ್ಟುಹೋಗುತ್ತದೆ. ಒಂದು ಲೋಟ ದ್ರವಕ್ಕೆ ದೊಡ್ಡದೊಂದು ಬಕೆಟ್ ನೀರು ಬೆರೆಸಿದರೆ ಗಿಡ ತಾಳುವಷ್ಟು ತೆಳುವಾಗುತ್ತದೆ. ಆ ಲೆಕ್ಕದಲ್ಲಿ ಒಂದು ಮೂರ್ತಿಯ ದ್ರವ ಸಾವಿರ ಲೀಟರಿಗೂ ಹೆಚ್ಚು ಗೊಬ್ಬರದ ನೀರಾಗುತ್ತದೆ. ನಾಲ್ಕು ಕುಂಡಗಳಿರುವ ಫ್ಲ್ಯಾಟಿನವರು ಅದನ್ನು ಬಳಸಿ ಮುಗಿಸಲಾರರು, ಸೊಸೈಟಿಯ ತೋಟಕ್ಕೋ ಪಾಲಿಕೆಯ ಉದ್ಯಾನಕ್ಕೋ ತಲುಪಿಸುವ ಏರ್ಪಾಡು ಬೇಕೇ ಬೇಕು. ಚರಂಡಿಗೆ ಸುರಿದರೆ ಅಷ್ಟೂ ಸಾರಜನಕ ಕೊನೆಗೆ ಅದೇ ಮುಠಾ ನದಿಗೆ ಹೋಗಿ ಪಾಚಿಗೆ ಆಹಾರವಾಗುತ್ತದೆ. ಮೂರ್ತಿ ಕರಗುವ ಚಮತ್ಕಾರ ತೋರಿಸಿ ಇಲ್ಲಿಗೇ ಮುಗಿಯುವ ವಿಡಿಯೊ ಅರ್ಧ ಕೆಲಸ ಮಾಡಿದಂತೆ.

ಇಷ್ಟೆಲ್ಲ ತಾಪತ್ರಯ ನೋಡಿದರೆ ಮೊದಲೇ ಮಣ್ಣಿನ ಮೂರ್ತಿ ತಂದರೆ ಎಷ್ಟು ಹಗುರ ಎಂದು ಅನ್ನಿಸಿದರೆ ಅದು ಸರಿಯಾದ ಅನಿಸಿಕೆಯೇ. ಶಾಡು ಮೂರ್ತಿಗೆ ಯಾವ ಪುಡಿಯೂ ಬೇಡ. ಹಾರ, ಜನಿವಾರ, ಹತ್ತಿಯ ವಸ್ತ್ರ, ಮಣಿಸರಗಳನ್ನು ತೆಗೆದಿಟ್ಟು, ಮುಳುಗುವಷ್ಟು ನೀರಿನಲ್ಲಿ ಇಟ್ಟರೆ ಬಣ್ಣ ಬಳಿಯದ ಪುಟ್ಟ ಮೂರ್ತಿ ರಾತ್ರಿ ಕಳೆಯುವುದರೊಳಗೆ ಮೆತ್ತಗಾಗಿ ಕುಸಿಯುತ್ತದೆ. ಅಂಗಡಿಯಲ್ಲಿ ಪರೀಕ್ಷಿಸುವುದೂ ಸುಲಭ: ಮೂರ್ತಿಯ ಕೆಳಗೆ ಬಣ್ಣ ಹಚ್ಚದ ಜಾಗಕ್ಕೆ ಒದ್ದೆ ಬೆರಳು ಉಜ್ಜಿದರೆ ಮಣ್ಣು ಅಂಟಾಗಿ ಬೆರಳಿಗೆ ಬರುತ್ತದೆ, ಪಿಒಪಿ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ. ಅದೇ ಎತ್ತರದ ಟೊಳ್ಳು ಪಿಒಪಿಗಿಂತ ಮಣ್ಣಿನದು ಕೈಗೆ ಭಾರ. ತಳಕ್ಕೂ ಬಣ್ಣ ಬಳಿದಿದ್ದರೆ ಏನೆಂದು ಕೇಳಲೇಬೇಕು. ಮಣ್ಣೂ ಸಂಪೂರ್ಣ ನಿರ್ದೋಷಿಯಲ್ಲ ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ಶಾಡು ಪುಣೆಯ ಮಣ್ಣಲ್ಲ, ಹೆಚ್ಚಿನದು ಗುಜರಾತಿನ ಗಣಿಗಳಿಂದ ಬರುತ್ತದೆ. ತೀರ ನುಣುಪಾದ ಅದು ಕುಂಡದ ಮಣ್ಣಿಗೆ ಬೆರೆತರೆ ಮೇಲೆ ಗಟ್ಟಿ ಹೆಪ್ಪಾಗಿ ನೀರು ಇಳಿಯದಂತೆ ಮಾಡುತ್ತದೆ. ಚರಂಡಿಗೆ ಹಾಕಿದರೆ ಕೊಳವೆಯಲ್ಲಿ ಕೂರುತ್ತದೆ. ಅದನ್ನು ಮರಳಿ ಮೂರ್ತಿಕಾರರಿಗೆ ತಲುಪಿಸುವ ‘ಪುನರಾವರ್ತನ್’ ಅಭಿಯಾನವನ್ನು ಪುಣೆಯ ಇಕೋಎಕ್ಸಿಸ್ಟ್ ಸಂಸ್ಥೆ ಇತರರ ಜೊತೆ ಸೇರಿ ನಡೆಸುತ್ತಿರುವುದು ನನಗೆ ಈ ಎಲ್ಲ ಪ್ರಯತ್ನಗಳಲ್ಲಿ ಅತ್ಯಂತ ಅರ್ಥಪೂರ್ಣವಾಗಿ ಕಾಣುತ್ತದೆ. ನೀರು ಬಸಿದು, ಮಣ್ಣನ್ನು ಬಟ್ಟೆಯ ಮೇಲೆ ಒಣಗಿಸಿ, ಚೀಲದಲ್ಲಿ ಕಟ್ಟಿ ಕೊಟ್ಟರೆ ಮುಂದಿನ ವರ್ಷದ ಮೂರ್ತಿಗೆ ಅದೇ ಮಣ್ಣು. ಒಂದೇ ಷರತ್ತು, ಅದರಲ್ಲಿ ಪಿಒಪಿಯ ಚೂರು ಬೆರೆಯಬಾರದು. ಬೆರೆತರೆ ಹದ ಕೆಟ್ಟು ಮಣ್ಣು ಮೂರ್ತಿಗೆ ಬಾರದು.

ಹರಿಯುವ ನೀರಿನಲ್ಲಿ ಬಿಡದಿದ್ದರೆ ಅದು ವಿಸರ್ಜನೆಯೇ ಅಲ್ಲ ಎಂಬ ಆಕ್ಷೇಪ ಗಂಭೀರವಾದದ್ದು, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವಿಡಿಯೊ ಸೋಲುತ್ತದೆ. ಇದಕ್ಕೆ ಪುಣೆಯಲ್ಲೇ ಉದಾಹರಣೆಯಿದೆ. ನರೇಂದ್ರ ದಾಭೋಲ್ಕರ್ ಅವರ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಮೂರ್ತಿಯನ್ನು ನೀರಿಗೆ ಬಿಡದೆ ದಾನವಾಗಿ ಕೊಡಿ ಎಂದು ವರ್ಷಗಟ್ಟಲೆ ಕೇಳಿತು. ಅದರ ಕಾಳಜಿ ನಿಜವಾದದ್ದು, ಅನೇಕರು ಸ್ಪಂದಿಸಿದರು ಕೂಡ. ಆದರೆ ಹಿಂದುತ್ವವಾದಿ ಸಂಘಟನೆಗಳು ಬಲವಾಗಿ ವಿರೋಧಿಸಿದವು, ಅವುಗಳಾಚೆ ಸಾಮಾನ್ಯ ಭಕ್ತರಲ್ಲೂ ಹಿಂಜರಿಕೆ ಇತ್ತು. ಪೂಜಿಸಿದ ದೇವರನ್ನು ಬೇರೆಯವರ ಕೈಗೆ ಕೊಟ್ಟು ಬರುವುದು ಪೂಜೆಯ ಕೊನೆಯ ಹೆಜ್ಜೆಯನ್ನೇ ಕೈಬಿಟ್ಟಂತೆ ಅವರಿಗೆ ಕಂಡಿತು. ಬಕೆಟ್‌ನ ವಿಸರ್ಜನೆ ಆ ಹೆಜ್ಜೆಯನ್ನು ಕಿತ್ತುಕೊಳ್ಳುವುದಿಲ್ಲ. ಮನೆಯ ಯಜಮಾನನೇ ಮೂರ್ತಿಯನ್ನು ಎತ್ತಿ, ಜಯಕಾರ ಹಾಕಿ, ನೀರಿಗೆ ಇಳಿಸುತ್ತಾನೆ. ಉತ್ತರಪೂಜೆ ಮುಗಿದ ಮೇಲೆ ಮೂರ್ತಿಯಲ್ಲಿ ಆವಾಹಿಸಿದ ಚೈತನ್ಯವನ್ನು ಬೀಳ್ಕೊಟ್ಟಾಗಿರುತ್ತದೆ, ನೀರಿಗೆ ಸೇರುವುದು ಮಣ್ಣು ಎಂಬುದು ಶಾಸ್ತ್ರದ ಕ್ರಮದಲ್ಲೇ ಇದೆ. ವಿಸರ್ಜನೆಯ ನಂತರ ನದಿಯ ದಡದಿಂದ ಹಿಡಿ ಮರಳನ್ನು ಮಣೆಯ ಮೇಲಿಟ್ಟು ಮನೆಗೆ ತರುವ ಪದ್ಧತಿ ಮಹಾರಾಷ್ಟ್ರದಲ್ಲಿದೆ. ಬಕೆಟ್‌ನ ಮಣ್ಣಿನಲ್ಲಿ ಒಂದು ಚಿಟಿಕೆಯನ್ನು ಹಾಗೆಯೇ ಮಣೆಗೆ ತರಬಹುದು. ಇದನ್ನು ವಿಡಿಯೊದಲ್ಲಿ ಅಧಿಕಾರಿಯೊಬ್ಬರು ಹೇಳುವುದಕ್ಕಿಂತ ಪುರೋಹಿತರೋ ಮನೆಯ ಅಜ್ಜಿಯೋ ಮಾಡಿ ತೋರಿಸಿದರೆ ನೋಡುವವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ. ಇದರಾಚೆಗೂ ನದಿಗೇ ಹೋಗಬೇಕು ಎನ್ನುವವರಿಗೆ ಘಾಟ್‌ಗಳಲ್ಲಿ ಪಾಲಿಕೆ ಕಟ್ಟಿದ ಹೌದಗಳಿವೆ. ಬೆಂಗಳೂರಿನ ಸ್ಯಾಂಕಿ, ಹಲಸೂರು, ಯಡಿಯೂರು ಕೆರೆಗಳ ಕಲ್ಯಾಣಿಗಳೂ ಇದೇ ಕೆಲಸ ಮಾಡುತ್ತವೆ. 2020ರಲ್ಲಿ ಕೊರೊನಾ ಕಾರಣಕ್ಕೆ ಘಾಟ್‌ಗಳು ಮುಚ್ಚಿದಾಗ ಪುಣೆಯ ಬೀದಿಗಳಿಗೆ ಸಂಚಾರಿ ಹೌದಗಳು ಬಂದವು. ಆ ವರ್ಷ ಮನೆಯಲ್ಲೇ ವಿಸರ್ಜನೆ ಮಾಡಿದವರಿಗೆ ಹಬ್ಬ ಅಪೂರ್ಣವಾಗಲಿಲ್ಲ.

ಮುಜುಗರ ಹುಟ್ಟಿಸದೆ ಜನ ಬದಲಾಗುವುದಿಲ್ಲ, ಮುರಿದ ಮೂರ್ತಿ ನೋಡಿ ಮನಸ್ಸು ಕರಗಬೇಕು ಎನ್ನುವವರು ಇದ್ದಾರೆ. ಅವರ ಕಳಕಳಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅಮೆರಿಕದ ಅರಿಜೋನಾ ರಾಜ್ಯದ ಪೆಟ್ರಿಫೈಡ್ ಫಾರೆಸ್ಟ್ ಉದ್ಯಾನದಲ್ಲಿ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ಕಲ್ಲಾದ ಮರದ ಚೂರುಗಳನ್ನು ಪ್ರವಾಸಿಗರು ಎತ್ತಿಕೊಂಡು ಹೋಗುತ್ತಿದ್ದರು. ‘ಅನೇಕರು ಕದ್ದೊಯ್ದು ಕಾಡಿನ ರೂಪವೇ ಬದಲಾಗಿದೆ’ ಎಂಬ ಅರ್ಥದ ಫಲಕ ಹಾಕಿದ ದಾರಿಯಲ್ಲಿ, ಗುರುತು ಹಾಕಿ ಇಟ್ಟ ಚೂರುಗಳಲ್ಲಿ ನೂರಕ್ಕೆ ಸುಮಾರು ಎಂಟು ಮಾಯವಾದವು. ‘ದಯವಿಟ್ಟು ತೆಗೆಯಬೇಡಿ’ ಎಂದಷ್ಟೇ ಹೇಳಿದ ದಾರಿಯಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ. ಎಲ್ಲರೂ ತಪ್ಪು ಮಾಡುತ್ತಿದ್ದಾರೆ ಎಂದು ತೋರಿಸಿದರೆ, ಎಲ್ಲರೂ ಮಾಡುತ್ತಾರೆ ಎಂಬ ಸಂದೇಶವೇ ಮನಸ್ಸಿಗೆ ಇಳಿಯುತ್ತದೆ. ಕೆಸರಿನಲ್ಲಿ ರಾಶಿಬಿದ್ದ ಮೂರ್ತಿಗಳ ವಿಡಿಯೊ ಮಾಡುವುದೂ ಬಹುಶಃ ಅದನ್ನೇ. ಒಂದು ಪ್ರಯೋಗದಿಂದ ಎಲ್ಲ ಊರಿಗೂ ತೀರ್ಪು ಕೊಡಲಾಗದು, ಆದರೆ ಬಕೆಟ್‌ನಲ್ಲಿ ವಿಸರ್ಜನೆ ಮಾಡುತ್ತಿರುವ ನಾಲ್ಕು ಸಾಮಾನ್ಯ ಮನೆಗಳನ್ನು ತೋರಿಸಿದರೆ ಈ ಅಪಾಯವೇ ಇರುವುದಿಲ್ಲ. ಇದಕ್ಕಿಂತ ನನಗೆ ಮುಖ್ಯವೆನಿಸುವುದು ಸಮಯದ ಪ್ರಶ್ನೆ. ಮನೆಗೆ ಪಿಒಪಿ ಮೂರ್ತಿ ಬಂದು ಪ್ರತಿಷ್ಠೆಯಾದ ಮೇಲೆ ‘ಮಣ್ಣಿನದು ತರಬೇಕಿತ್ತು’ ಎಂಬ ವಿಡಿಯೊ ನೋಡಿದವರು ಏನು ಮಾಡಬೇಕು? ಅವರಿಗೆ ಅದು ಮುಜುಗರ ಮಾತ್ರ ಕೊಡುತ್ತದೆ, ದಾರಿ ಕೊಡುವುದಿಲ್ಲ. ಆದ್ದರಿಂದ ಮಣ್ಣಿನ ಮೂರ್ತಿಯ ವಿಡಿಯೊ ಜನ ಮೂರ್ತಿಗೆ ಮುಂಗಡ ಕೊಡುವ ಶ್ರಾವಣಕ್ಕೂ ಮೊದಲೇ ಬರಬೇಕು. ಬಕೆಟ್‌ನ ವಿಡಿಯೊ ಚತುರ್ಥಿಯ ಹಿಂದಿನ ದಿನವಾದರೂ ತಲುಪಿರಬೇಕು, ಏಕೆಂದರೆ ಒಂದೂವರೆ ದಿನದ ಗಣಪತಿ ಮರುದಿನವೇ ಹೊರಡುತ್ತಾನೆ. ಪುಡಿ ತರಲು, ಬಾಲ್ಕನಿ ತೆರವು ಮಾಡಲು ಸಮಯ ಬೇಕು.

ಪಿಒಪಿಗೆ ಪುಡಿ ಹಂಚುವುದೆಂದರೆ ಪಿಒಪಿಗೇ ಪ್ರೋತ್ಸಾಹ ಕೊಟ್ಟಂತಲ್ಲವೇ ಎಂದು ಪರಿಸರವಾದಿಗಳು ಕೇಳುತ್ತಾರೆ. ಕಾನೂನಿನ ಇವತ್ತಿನ ಸ್ಥಿತಿ ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೂರ್ತಿ ವಿಸರ್ಜನೆಯ ಮಾರ್ಗಸೂಚಿಯನ್ನು 2010ರಲ್ಲಿ ತಂದು, 2020ರಲ್ಲಿ ಪಿಒಪಿ ಬೇಡವೆಂದು ಬಿಗಿಗೊಳಿಸಿತು. ಆದರೆ ಮೂರ್ತಿಕಾರರ ಜೀವನೋಪಾಯದ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. 2025ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಪಿಒಪಿ ಮೂರ್ತಿಗಳ ತಯಾರಿಕೆ, ಮಾರಾಟಕ್ಕೆ ಅವಕಾಶ ಕೊಟ್ಟು, ನೈಸರ್ಗಿಕ ಜಲಮೂಲಗಳಲ್ಲಿ ಅವುಗಳನ್ನು ವಿಸರ್ಜಿಸಬಾರದು ಎಂದಿತು. ಅಂದರೆ ಮೂರ್ತಿ ಅಂಗಡಿಯಲ್ಲಿ ಸಿಗುತ್ತದೆ, ನದಿಗೆ ಹೋಗುವಂತಿಲ್ಲ. ಈ ಎರಡರ ನಡುವೆ ನಿಂತ ಕುಟುಂಬಕ್ಕೆ ಹೌದ ಅಥವಾ ಬಕೆಟ್ ಬಿಟ್ಟರೆ ಮೂರನೆಯ ದಾರಿ ಇಲ್ಲ. ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ವರ್ಷವಿಡೀ ಚರಂಡಿ ನೀರು ಮುಠಾ ನದಿಗೆ ಸೇರುತ್ತಿರುವಾಗ ಹತ್ತು ದಿನದ ಹಬ್ಬವನ್ನೇ ಏಕೆ ಹಿಡಿದುಕೊಂಡಿರಿ? ಈ ಮಾತಿನಲ್ಲಿ ಸತ್ಯವಿದೆ, ವಿಡಿಯೊದಲ್ಲಿ ಅದನ್ನು ಒಪ್ಪಿಕೊಂಡೇ ಶುರುಮಾಡಬೇಕು. ಪುಣೆಯ ನದಿಗಳು ಕೆಡಲು ಮೊದಲ ಕಾರಣ ಶುದ್ಧೀಕರಿಸದ ಕೊಳಚೆ ನೀರೇ ಹೊರತು ಗಣಪತಿಯಲ್ಲ. ಆದರೆ ಕೊಳಚೆ ಶುದ್ಧೀಕರಣ ಘಟಕ ಕಟ್ಟುವುದು ಪಾಲಿಕೆಯ ಕೈಯಲ್ಲಿದೆ, ಬಕೆಟ್ ಮನೆಯವರ ಕೈಯಲ್ಲಿದೆ. ಬಣ್ಣಗಳಲ್ಲಿ ಸೀಸ, ಕ್ರೋಮಿಯಂನಂಥ ಲೋಹಗಳಿದ್ದರೆ ಅವು ಕೊಳಚೆಯಂತೆ ಕೊಳೆತು ಹೋಗುವುದಿಲ್ಲ, ಹೂಳಿನಲ್ಲಿ ಸೇರಿ ಉಳಿಯುತ್ತವೆ. ನಿರ್ಮಾಲ್ಯದ ವಿಷಯದಲ್ಲಿ ಪುಣೆಯವರು ಈ ಹೊಣೆಯನ್ನು ಆಗಲೇ ಹಂಚಿಕೊಂಡಿದ್ದಾರೆ. ಕಸ ಆಯುವವರ ಸಹಕಾರಿ ಸಂಸ್ಥೆ ಸ್ವಚ್ಛ್‌ನ ಸದಸ್ಯೆಯರು ಘಾಟ್‌ಗಳಲ್ಲಿ ನಿಂತು ಹೂ, ಪತ್ರೆಗಳನ್ನು ನದಿಗೆ ಬೀಳುವ ಮೊದಲೇ ಪಡೆದು ಗೊಬ್ಬರಕ್ಕೆ ಕಳಿಸುತ್ತಾರೆ. ಅಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ, ಕೈ ಚಾಚಿ ಕೇಳುತ್ತಾರೆ, ಜನ ಕೊಡುತ್ತಾರೆ.

ಸಾರ್ವಜನಿಕ ಮಂಡಲಗಳ ಎತ್ತರದ ಮೂರ್ತಿಗಳಿಗೆ ಬಕೆಟ್‌ನ ವಿಧಾನ ಒಗ್ಗುವುದಿಲ್ಲ, ಅದನ್ನು ಮುಚ್ಚಿಡಬಾರದು. ಹಲವು ಕ್ವಿಂಟಲ್ ತೂಕದ ಮೂರ್ತಿಗೆ ಅಷ್ಟೇ ತೂಕದ ಪುಡಿ, ಅದಕ್ಕೆ ತಕ್ಕ ಹೌದ, ಅಮೋನಿಯಾದ ಘಾಟು ತಡೆಯುವ ಜಾಗ, ಹೊರಬರುವ ಗೊಬ್ಬರದ ನೀರು ಹೀರಿಕೊಳ್ಳುವಷ್ಟು ಹೊಲ, ಎಲ್ಲವೂ ಬೇಕಾಗುತ್ತದೆ. ಇದಕ್ಕೆ ಪರಿಹಾರ ಪುಣೆಯ ಹಳೆಯ ಮಂಡಲಗಳ ರೂಢಿಯಲ್ಲೇ ಇದೆ. ಮಾನದ ಐದು ಗಣಪತಿಗಳಲ್ಲಿ ಒಂದಾದ ತುಳಶೀಬಾಗ್ ಮಂಡಲ ದಶಕಗಳ ಹಿಂದೆಯೇ ಫೈಬರ್ ಮೂರ್ತಿಗೆ ಬದಲಾಯಿತು. ವರ್ಷವರ್ಷವೂ ಅದೇ ಮೂರ್ತಿಯನ್ನು ಅಲಂಕರಿಸಿ, ಪೂಜೆಗೆಂದು ಮಾಡಿದ ಪುಟ್ಟ ಮಣ್ಣಿನ ಮೂರ್ತಿಯನ್ನು ಮಾತ್ರ ವಿಸರ್ಜಿಸುವುದು ಎಲ್ಲ ಮಂಡಲಗಳಿಗೂ ಸಾಧ್ಯವಾದದ್ದು. ಮೆರವಣಿಗೆಯ ವೈಭವಕ್ಕೂ ಢೋಲ್ ತಾಶಾಕ್ಕೂ ಅದರಿಂದ ಕುಂದಿಲ್ಲ. ಈ ಹಳೆಯ ಮಂಡಲಗಳ ಕಾರ್ಯಕರ್ತರೇ ತಮ್ಮ ಪದ್ಧತಿಯನ್ನು ಕ್ಯಾಮೆರಾ ಮುಂದೆ ವಿವರಿಸಿದರೆ, ಪಕ್ಕದ ಗಲ್ಲಿಯ ಹೊಸ ಮಂಡಲದ ಹುಡುಗರಿಗೆ ಅದು ತಮ್ಮದೇ ಊರಿನ ಹಿರಿಯರ ಮಾತಾಗಿ ಕೇಳಿಸುತ್ತದೆ. ಮುಂದಿನ ವರ್ಷದ ಮೂರ್ತಿಯನ್ನು ಯಾರಿಂದ, ಯಾವ ವಸ್ತುವಿನಲ್ಲಿ ಮಾಡಿಸಬೇಕೆಂದು ಅವರು ನಿರ್ಧರಿಸುವುದು ವರ್ಗಣಿ ಎತ್ತುವುದಕ್ಕೂ ಮೊದಲು ನಡೆಯುವ ಸಭೆಯಲ್ಲಿ. ವಿಡಿಯೊ ಆ ಸಭೆಯ ಹೊತ್ತಿಗೆ ಅವರ ಕೈಯಲ್ಲಿರಬೇಕು.